ಸತ್ಯಾಐಂಶಿ ಅಂದ್ರೆ ಎಷ್ಟು?

ನನ್ನ ಹಳೇ ಡೈರಿಯೊಳಗೆ ನಾಲ್ಕಾಗಿ ಮಡಚಿದ ಒಂದು ಚೀಟಿ ಇದೆ. ಮಿರಜದ ಎಸ್‌ಟಿಡಿ ಬೂತಿನ ಬಿಲ್ಲು ಅದು. ಹಿಂಬದಿಯಲ್ಲಿ ನನ್ನ ಅವಸರದ ಅಕ್ಷರದಲ್ಲಿ ಒಂದು ಮೊಬೈಲ್ ನಂಬರು. ಕೊನೆಯ ಎರಡು ಅಂಕೆ ಹೊಡೆದುಹಾಕಿ, ಪಕ್ಕದಲ್ಲಿ ಬೇರೆ ಯಾರದೋ ದುಂಡನೆಯ ಕೈಬರಹದಲ್ಲಿ ತಿದ್ದಿದೆ. ಹೊಡೆದದ್ದು 78, ತಿದ್ದಿದ್ದು 87. ತಿದ್ದಿದವಳು ನಿಪ್ಪಾಣಿಯ ನನ್ನ ಅತ್ತಿ, ಅಂದರೆ ಮಾಮಾನ ಹೆಂಡತಿ.

2004ರ ಮಾತು. ಅಪ್ಪನ ಹೊಟ್ಟೆಯ ಆಪರೇಶನ್ನಿಗೆ ಮಿರಜಕ್ಕೆ ಹೋಗಿದ್ದೆವು. ರಾಯಬಾಗ, ಅಥಣಿ, ಕಾಗವಾಡ ಕಡೆಯವರಿಗೆ ದೊಡ್ಡ ಕಾಯಿಲೆ ಅಂದರೆ ಮಿರಜ ಅಂತ ನಿಮ್ಮಲ್ಲಿ ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಡಾಕ್ಟರು ಬೆಳಿಗ್ಗೆ ಬಂದು "ಓ ನೆಗೆಟಿವ್ ಎರಡು ಬಾಟ್ಲಿ ಬೇಕು, ರಕ್ತ ಸಿಕ್ಕ ಮೇಲೇ ಆಪರೇಶನ್" ಅಂದುಬಿಟ್ಟರು. ನಮ್ಮ ಮನೆಯಲ್ಲಿ ಯಾರದ್ದೂ ಆ ಗುಂಪಲ್ಲ. ಮಾಮಾನ ಪರಿಚಯದವರೊಬ್ಬರು ಕೊಲ್ಲಾಪುರದಲ್ಲಿದ್ದರು, ಅವರಿಗೆ ಮಿರಜದಲ್ಲೇ ರಕ್ತ ಕೊಡುವ ಒಬ್ಬ ಹುಡುಗ ಗೊತ್ತಿದ್ದ. ಬೂತಿಗೆ ಓಡಿ ಅವರಿಗೆ ಫೋನ್ ಮಾಡಿದೆ. ಅವರು ಮರಾಠಿಯಲ್ಲಿ, ನಮ್ಮ ಕಡೆಯ ಎಲ್ಲರೂ ಹೇಳುವ ಹಾಗೆ ಎರಡೆರಡು ಅಂಕೆ ಜೋಡಿಸಿ, ಐದು ಜೋಡಿಯಲ್ಲಿ ನಂಬರು ಹೇಳಿ ಮುಗಿಸಿದರು. ಕೊನೆಯ ಜೋಡಿ "ಸತ್ಯಾಐಂಶಿ". ನಾನು ಬರೆದುಕೊಂಡೆ, ಥ್ಯಾಂಕ್ಸ್ ಅಂದೆ, ಇಟ್ಟೆ.

ಆ ನಂಬರಿಗೆ ಹಚ್ಚಿದರೆ ಯಾರೋ ಹೆಂಗಸು ಎತ್ತಿದರು. ಅಂಥವರು ಇಲ್ಲಿ ಯಾರೂ ಇಲ್ಲ ಅಂದರು. ಮತ್ತೊಮ್ಮೆ ಹಚ್ಚಿದೆ, ಈ ಸಲ ಬೈದರು. ಕೊಲ್ಲಾಪುರಕ್ಕೆ ವಾಪಸ್ ಮಾಡಿದರೆ ಅವರು ಅಂಗಡಿಗೆ ಬೀಗ ಹಾಕಿ ಊಟಕ್ಕೆ ಹೋಗಿಬಿಟ್ಟಿದ್ದರು ಅಂತ ಕಾಣುತ್ತೆ, ರಿಂಗ್ ಆಗುತ್ತಲೇ ಇತ್ತು. ಒಂದೂವರೆ ತಾಸು ಬೂತು ಮತ್ತು ವಾರ್ಡು ಅಂತ ತಿರುಗಿದೆ. ಅಷ್ಟರಲ್ಲಿ ನಿಪ್ಪಾಣಿಯಿಂದ ಬುತ್ತಿ ತಗೊಂಡು ಅತ್ತಿ ಬಂದಳು. ಚೀಟಿ ನೋಡಿ ಕೇಳಿದಳು.

"ಕಡೀಕ ಏನಂದ್ರು ಅವರು?"

"ಸತ್ಯಾಐಂಶಿ ಅಂದ್ರು."

"ಮತ್ತ ಎಂಬತ್ತೇಳು ಆತಲ್ಲೋ ತಮ್ಮಾ! ನೀ ಎಪ್ಪತ್ತೆಂಟು ಬರದೀದಿ."

ಎಂಬತ್ತೇಳಕ್ಕೆ ಹಚ್ಚಿದರೆ ಹುಡುಗ ಎತ್ತಿದ. ಅರ್ಧ ತಾಸಿನಲ್ಲಿ ಲೂನಾ ಮೇಲೆ ಬಂದ, ಇನ್ನೊಂದು ಬಾಟ್ಲಿಗೆ ಗೆಳೆಯನನ್ನೂ ಕರಕೊಂಡು ಬಂದಿದ್ದ. ಸಂಜೆಗೆ ಆಪರೇಶನ್ ಆಯಿತು. ಅಪ್ಪ ಇವತ್ತಿಗೂ ಗಟ್ಟಿಯಾಗಿದ್ದಾರೆ. ಆದರೆ ಆ ಒಂದೂವರೆ ತಾಸು ಮಾತ್ರ ನನ್ನ ಹೊಟ್ಟೆಯಲ್ಲಿ ಹಾಗೇ ಕೂತಿದೆ. ನನಗೆ ಮರಾಠಿ ಬರುವುದಿಲ್ಲ ಅಂತಲ್ಲ ನೋಡಿ. ಸತ್ಯಾಐಂಶಿ ಅಂದರೆ ಎಂಬತ್ತೇಳು ಅಂತ ಕೇಳಿದ್ದರೆ ಹೇಳುತ್ತಿದ್ದೆ. ಹಾಗಿದ್ದೂ ಕೈ 78 ಬರೆಯಿತು. ಯಾಕೆ?

ಉತ್ತರ ಗೊತ್ತಾದದ್ದು ಮೂರು ವರ್ಷ ಬಿಟ್ಟು, ಜರ್ಮನಿಯಲ್ಲಿ :)

2007ರಲ್ಲಿ ಕಂಪನಿ ಕೆಲಸದ ಮೇಲೆ ಸ್ಟುಟ್‌ಗಾರ್ಟ್‌ಗೆ ಹೋದೆ. ಬಾಡಿಗೆ ಮನೆ ಹುಡುಕುತ್ತಿದ್ದಾಗ ಮನೆ ಮಾಲೀಕರೊಬ್ಬರು ನನ್ನ ಫೋನಿನಲ್ಲಿ ಸಂದೇಶ ಬಿಟ್ಟಿದ್ದರು, ಈ ನಂಬರಿಗೆ ಮಾಡಿ ಅಂತ. ಅದರ ಕೊನೆಯ ಜೋಡಿ "ಡ್ರೈ-ಉಂಡ್-ಫಿಯರ್‌ತ್ಸಿಗ್". ಡ್ರೈ ಅಂದರೆ ಮೂರು, ಉಂಡ್ ಅಂದರೆ ಮತ್ತು, ಫಿಯರ್‌ತ್ಸಿಗ್ ಅಂದರೆ ನಲವತ್ತು. ಮೂರು ಮತ್ತು ನಲವತ್ತು, ನಲವತ್ಮೂರು. ಹೊರಡುವ ಮುಂಚೆ ಬೆಂಗಳೂರಲ್ಲಿ ಮೂರು ತಿಂಗಳು ಜರ್ಮನ್ ಕ್ಲಾಸಿಗೆ ಹೋಗಿದ್ದೆ, ಇದೆಲ್ಲ ಪಾಠವಾಗಿತ್ತು. ಆದರೂ ನನ್ನ ಕಾಗದದ ಮೇಲೆ ಇದ್ದದ್ದು 34.

ರಾಂಗ್ ನಂಬರ್ ಬಂದ ಮೇಲೆ ಸಂದೇಶ ಮತ್ತೆ ಹಾಕಿಕೊಂಡು ಕೇಳಿದೆ. ಮತ್ತೆ 34 ಬರೆದೆ. ಮೂರನೇ ಸಲ ಪೆನ್ನು ಕೆಳಗಿಟ್ಟು ಬರೀ ಕೇಳಿದೆ. ಆಗ ಮನಸ್ಸು ತಾನಾಗೇ "ನಲವತ್ಮೂರು" ಅಂದಿತು! ಕಿವಿ ಸರಿಯಾಗೇ ಇತ್ತು. ತಪ್ಪು ಮಾಡುತ್ತಿದ್ದದ್ದು ಕೈ. ಶಬ್ದ ಮುಗಿಯುವ ಮೊದಲೇ ಅದು ಓಡುತ್ತಿತ್ತು. "ಡ್ರೈ" ಅಂತ ಬಿದ್ದ ಕೂಡಲೇ 3 ಬರೆದು ಕೂತುಬಿಡುತ್ತಿತ್ತು, ಆಮೇಲೆ ಬಂದ ನಲವತ್ತಕ್ಕೆ ಉಳಿದ ಜಾಗ ಅದರ ಬಲಗಡೆ ಮಾತ್ರ. ಮಿರಜದಲ್ಲೂ ಹಾಗೇ ಆಗಿತ್ತು. "ಸತ್ಯಾ" ಅಂದಾಗ 7, "ಐಂಶಿ" ಅಂದಾಗ 8.

ಕನ್ನಡದವರ ಕೈ ಹೀಗೆ ಓಡುವುದಕ್ಕೆ ಕಾರಣ ಇದೆ. ನಮ್ಮಲ್ಲಿ ಹನ್ನೊಂದರಿಂದಲೇ ದೊಡ್ಡದು ಮೊದಲು. ಹದಿಮೂರು ಅಂದರೆ ಹತ್ತು ಮೊದಲು, ಮೂರು ಆಮೇಲೆ. ಇಂಗ್ಲಿಷಿನ ಥರ್ಟೀನ್ ಕೂಡ ಇದಕ್ಕೆ ತಿರುಗಾಮುರುಗಾ, ಅಲ್ಲಿ ಮೂರೇ ಮೊದಲು. ಕನ್ನಡದಲ್ಲಿ ಮಾತ್ರ ಹೇಳುವ ಕ್ರಮ, ಎಡದಿಂದ ಬಲಕ್ಕೆ ಬರೆಯುವ ಕ್ರಮ ಎರಡೂ ಒಂದೇ. ಹಾಗಾಗಿ ಕೇಳುತ್ತಾ ಕೇಳುತ್ತಾ ಬರೆದುಬಿಡಬಹುದು, ಯಾವತ್ತೂ ಪೆಟ್ಟು ತಿನ್ನುವುದಿಲ್ಲ. ಆ ಅಭ್ಯಾಸವನ್ನೇ ಹೊತ್ತುಕೊಂಡು ಚಿಕ್ಕೋಡಿಯಿಂದ ನಿಪ್ಪಾಣಿ ಪೇಟೆಗೆ ಹೋದರೂ ಸ್ಟುಟ್‌ಗಾರ್ಟ್‌ಗೆ ಹೋದರೂ ಒಂದೇ ಗುಂಡಿಗೆ ಬೀಳುತ್ತೇವೆ!

ಜರ್ಮನ್ನರು ಯಾಕೆ ಹೀಗೆ ಉಲ್ಟಾ ಹೇಳುತ್ತಾರೆ ಅಂತ ಅಲ್ಲಿ ಹೋದ ಭಾರತೀಯರೆಲ್ಲ ಕೇಳುತ್ತಾರೆ. ಅರಬ್ಬಿಯಲ್ಲೂ ಬಿಡಿ ಅಂಕೆ ಮೊದಲು ಬರುತ್ತದೆ, ಹಾಗಾಗಿ ಅಂಕೆಗಳ ಜೊತೆ ಅರಬರಿಂದಲೇ ಇದೂ ಬಂತು ಅನ್ನುವವರಿದ್ದಾರೆ. ಅದು ಸರಿಯಲ್ಲ. ನಾವು ಇವತ್ತು ಬರೆಯುವ ಅಂಕೆಗಳು ಯುರೋಪಿಗೆ ಮುಟ್ಟುವ ಮುಂಚಿನಿಂದಲೂ ಜರ್ಮನ್ ಮನೆತನದ ಭಾಷೆಗಳು ಹೀಗೇ ಎಣಿಸುತ್ತಿದ್ದವು. ಸಂಸ್ಕೃತ ನೋಡಿ, ಇಪ್ಪತ್ತೊಂದಕ್ಕೆ ಏಕವಿಂಶತಿ, ಇಪ್ಪತ್ನಾಲ್ಕಕ್ಕೆ ಚತುರ್ವಿಂಶತಿ. ಜರ್ಮನ್, ಸಂಸ್ಕೃತ ಎರಡೂ ದೂರದ ಒಂದೇ ಕುಟುಂಬದವು. ಬಾಯಲ್ಲಿ ಎಣಿಸುವಾಗ "ಇಪ್ಪತ್ತರ ಮೇಲೆ ನಾಲ್ಕು" ಅಂದರೂ ಒಂದೇ, "ನಾಲ್ಕು ಮತ್ತು ಇಪ್ಪತ್ತು" ಅಂದರೂ ಒಂದೇ, ಕೂಡಿದರೆ ಸರಿ. ಇಂಗ್ಲಿಷಿನವರೂ ಮೊದಲು "ಫೋರ್ ಆಂಡ್ ಟ್ವೆಂಟಿ" ಅಂತಲೇ ಅನ್ನುತ್ತಿದ್ದರು. ಅವರು ನಿಧಾನಕ್ಕೆ ಬದಲಾದರು, ಆದರೆ ಹದಿಮೂರರಿಂದ ಹತ್ತೊಂಬತ್ತರವರೆಗೆ ಹಳೇದೇ ಉಳಿಯಿತು. ಜರ್ಮನ್ನರು ತೊಂಬತ್ತೊಂಬತ್ತರವರೆಗೂ ಹಳೇದನ್ನೇ ಇಟ್ಟುಕೊಂಡರು. ಅವರು ಯಾವುದನ್ನೂ ತಿರುಗಿಸಲಿಲ್ಲ, ಇದ್ದದ್ದನ್ನು ಬಿಡಲಿಲ್ಲ, ಅಷ್ಟೇ.

ಕಷ್ಟ ಶುರುವಾಗುವುದು ಅಂಕೆಗಳನ್ನು ಸ್ಥಾನಕ್ಕೆ ತಕ್ಕಂತೆ ಎಡದಿಂದ ಬಲಕ್ಕೆ ಬರೆಯತೊಡಗಿದಾಗ. ಮಾತು ಬಲದಿಂದ ಬರುತ್ತದೆ, ಬರಹ ಎಡದಿಂದ ಹೋಗುತ್ತದೆ. ನಮ್ಮ ಸಂಗೀತದವರಿಗೆ ಇದು ಹೊಸದಲ್ಲ. ಕಟಪಯಾದಿ ಲೆಕ್ಕದಲ್ಲಿ ಧೀರಶಂಕರಾಭರಣ ಎಷ್ಟನೇ ಮೇಳ ಅಂತ ಹುಡುಕುವಾಗ "ಧೀ"ಗೆ 9, "ರ"ಗೆ 2 ಬರುತ್ತದೆ. ಅದನ್ನು 92 ಅಂತ ಓದಬಾರದು, ತಿರುಗಿಸಿ 29 ಅಂತ ಓದಬೇಕು. ಬಿಡಿ ಅಂಕೆ ಮೊದಲು ಎನ್ನುವ ಅದೇ ಹಳೇ ಪದ್ಧತಿ.

ಈಗ ಮರಾಠಿಗೆ ಬರೋಣ. ಸಂಸ್ಕೃತದ ಏಕವಿಂಶತಿಯೇ ಪ್ರಾಕೃತದ ಮೂಲಕ ಸವೆದು ಸವೆದು "ಏಕವೀಸ" ಆಗಿದೆ. ಜರ್ಮನ್ನಿನಲ್ಲಿ ನಡುವೆ "ಉಂಡ್" ಅನ್ನುವ ಕೀಲು ಕಾಣುತ್ತದೆ, ಬಿಡಿಸಿಕೊಳ್ಳಬಹುದು. ಮರಾಠಿಯಲ್ಲಿ ಕೀಲೇ ಇಲ್ಲ, ಎರಡೂ ಕರಗಿ ಒಂದಾಗಿವೆ. ಎರಡು ಅಂದರೆ "ದೋನ", ಆದರೆ 22 ಬಾವೀಸ, 42 ಬೇಚಾಳೀಸ, 82 ಬ್ಯಾಐಂಶಿ. ಆರಂತೂ ಪ್ರತಿ ಸಲ ವೇಷ ಬದಲಿಸುತ್ತದೆ. ಸವ್ವೀಸ (26), ಛತ್ತೀಸ (36), ಶೇಹೇಚಾಳೀಸ (46), ಸಹಾಸಷ್ಟ (66). ಮರಾಠಿ ಮನೆಯಲ್ಲಿ ಹುಟ್ಟಿದವರಿಗೆ ಇದು ಬಾಯಿಪಾಠ. ನಮ್ಮಂಥವರಿಗೆ?

ಅತ್ತಿಯ ತವರು ಗಡಹಿಂಗ್ಲಜ, ಮನೆಮಾತು ಮರಾಠಿ. ಮದುವೆಯಾಗಿ ಬಂದ ಮೇಲೆ ಕನ್ನಡ ಕಲಿತವಳು. ಅವಳಿಗೂ ಮೊದಮೊದಲು ಇದೇ ಗೋಳಾಗಿತ್ತಂತೆ, ಉಲ್ಟಾ ಕಡೆಯಿಂದ! ಅವಳು ಹೇಳಿಕೊಟ್ಟದ್ದನ್ನೇ ಜರ್ಮನ್ನಿಗೂ ಹಚ್ಚಿ ನೋಡಿದೆ, ಎರಡಕ್ಕೂ ನಡೆಯಿತು. ಅದನ್ನೇ ಇಲ್ಲಿ ಬರೆಯುತ್ತೇನೆ.

ಮೊದಲನೆಯದು, ಬಾಲ ಹಿಡಿಯುವುದು. "ತಲಿ ಬಿಡು, ಬಾಲ ಹಿಡಿ" ಅನ್ನುತ್ತಿದ್ದಳು ಅತ್ತಿ. ಮರಾಠಿಯ ಇಪ್ಪತ್ತರಿಂದ ಮೇಲಿನ ಹೆಸರುಗಳಿಗೆ ಇರುವುದು ಎಂಟೇ ಬಾಲ. ಇಪ್ಪತ್ತಕ್ಕೆ ವೀಸ, ಮೂವತ್ತಕ್ಕೆ ತೀಸ, ನಲವತ್ತಕ್ಕೆ ಚಾಳೀಸ, ಐವತ್ತಕ್ಕೆ ವನ್ನ ಅಥವಾ ಪನ್ನ, ಅರವತ್ತಕ್ಕೆ ಸಷ್ಟ, ಎಪ್ಪತ್ತಕ್ಕೆ ಹತ್ತರ, ಎಂಬತ್ತಕ್ಕೆ ಐಂಶಿ, ತೊಂಬತ್ತಕ್ಕೆ ಣ್ಣವ. ಸತ್ಯಾಹತ್ತರ, ಸತ್ಯಾಐಂಶಿ, ಸತ್ಯಾಣ್ಣವ ಮೂರಕ್ಕೂ ತಲೆ ಒಂದೇ. ಬಾಲ ನೋಡಿದರೆ 77, 87, 97. ತಲೆ ಕೇಳಿದ ಕೂಡಲೇ ಬರೆಯುವವನು ಕೆಟ್ಟ. ಬಾಲದ ತನಕ ಕಾದವನು ಗೆದ್ದ. ಜರ್ಮನ್ನಿನಲ್ಲಿ ಬಾಲ ಇನ್ನೂ ಸುಲಭ, "ತ್ಸಿಗ್" ಬಂದರೆ ಹತ್ತುಗಳು ಮುಗಿದವು ಅಂತ. ಮೂವತ್ತು ಮಾತ್ರ "ಡ್ರೈಸಿಗ್" ಆಗುತ್ತದೆ. ಅಲ್ಲಿ ಎಚ್ಚರ ಬೇಕಾದದ್ದು "ತ್ಸೇನ್" ಮತ್ತು "ತ್ಸಿಗ್" ನಡುವೆ. ಫಿಯರ್‌ತ್ಸೇನ್ ಹದಿನಾಲ್ಕು, ಫಿಯರ್‌ತ್ಸಿಗ್ ನಲವತ್ತು. ತ್ಸೇನ್ ಎಳೆದು ಬರುತ್ತದೆ, ತ್ಸಿಗ್ ಥಟ್ಟನೆ ಕಡಿಯುತ್ತದೆ.

ಎರಡನೆಯದು ಒಂದು ಕಳ್ಳ ಬಾಲದ ವಿಷಯ. ಶಬ್ದ "ಏಕೋಣ" ಅಂತ ಶುರುವಾದರೆ ಬಾಲ ನಂಬಬೇಡಿ. ಏಕೋಣ ಅಂದರೆ ಒಂದು ಕಡಿಮೆ, ಸಂಸ್ಕೃತದ ಏಕೋನ. ಏಕೋಣಪನ್ನಾಸ ಅಂದರೆ ಐವತ್ತಕ್ಕೆ ಒಂದು ಕಡಿಮೆ, 49. ಅವಸರದಲ್ಲಿ "ಪನ್ನಾಸ" ಮಾತ್ರ ಕಿವಿಗೆ ಬಿದ್ದು 50 ಬರೆಯುತ್ತೇವೆ, ಇಲ್ಲವೇ "ಏಕ" ಕೇಳಿ 51 ಬರೆಯುತ್ತೇವೆ. 19ರಿಂದ 89ರವರೆಗೆ ಒಂಬತ್ತರಲ್ಲಿ ಮುಗಿಯುವ ಎಂಟೂ ಹೀಗೇ. 99 ಮಾತ್ರ ನೆಟ್ಟಗೆ ನವ್ಯಾಣ್ಣವ. ಜರ್ಮನ್ನಿನಲ್ಲಿ ಈ ಕಾಟ ಇಲ್ಲ.

ಮೂರನೆಯದು ಕೈಗೆ ಹಾಕುವ ಕಡಿವಾಣ. ಕಾಗದದ ಮೇಲೆ ಬರೆಯುವಾಗ ಮೊದಲೇ ಐದು ಜೋಡಿ ಗೆರೆ ಎಳೆದುಕೊಳ್ಳಿ, ಪ್ರತಿ ಜೋಡಿಗೆ ಎರಡು ಖಾಲಿ ಜಾಗ. ಕೇಳಿದ ಮೊದಲ ಅಂಕೆ ಬಲಗಡೆ ಜಾಗಕ್ಕೆ, ಬಾಲ ಬಂದ ಮೇಲೆ ಎಡಗಡೆ ಜಾಗಕ್ಕೆ. "ಸತ್ಯಾ" ಅಂದಾಗ ಬಲಕ್ಕೆ 7, "ಐಂಶಿ" ಅಂದಾಗ ಎಡಕ್ಕೆ 8. ಜರ್ಮನಿಯಲ್ಲೂ ಹೀಗೆ ಬಲದಿಂದ ಎಡಕ್ಕೆ ಬರೆಯುವ ಮಕ್ಕಳಿದ್ದಾರೆ, ಮೇಷ್ಟ್ರುಗಳು ಬಿಡಿಸಲು ನೋಡುತ್ತಾರೆ. ಅದಕ್ಕೆ ಕಾರಣವೂ ಇದೆ. ಕಾಗದದಲ್ಲಿ ಖಾಲಿ ಜಾಗ ಬಿಡಬಹುದು, ಮೊಬೈಲ್ ಕೀಪ್ಯಾಡಿನಲ್ಲಿ ಬಿಡಲಾಗುವುದಿಲ್ಲ. ಈಗ ನಾವು ಬರೆದುಕೊಳ್ಳುವುದಕ್ಕಿಂತ ನೇರ ಫೋನಿನಲ್ಲೇ ಒತ್ತುವುದು ಜಾಸ್ತಿ. ಅದಕ್ಕೆ ಅತ್ತಿಯ ಮದ್ದು ಬೇರೆ. ಹೆಬ್ಬೆರಳು ಎತ್ತಿ ಹಿಡಿದು ಜೋಡಿ ಪೂರ್ತಿ ಕೇಳಿ, ಬಾಯೊಳಗೇ ಕನ್ನಡದಲ್ಲಿ "ಎಂಬತ್ತೇಳು" ಅಂದುಕೊಂಡು, ಆಮೇಲೆ ಒತ್ತು. ಕನ್ನಡದ ಕ್ರಮಕ್ಕೆ ಒಮ್ಮೆ ಬಂದರೆ ಬೆರಳು ತಪ್ಪುವುದಿಲ್ಲ. ಆದರೆ ಇದಕ್ಕೆ ಒಂದು ಮಿತಿ ಇದೆ. ಹೇಳುವವರು ಉಸಿರು ಬಿಡದೆ ಐದೂ ಜೋಡಿ ಸುರಿದರೆ, ಮೊದಲ ಜೋಡಿ ಕನ್ನಡಕ್ಕೆ ತರುವಷ್ಟರಲ್ಲಿ ಮೂರನೆಯದು ಹೋಗಿರುತ್ತದೆ. ಹಾಗಾಗಿ ಪ್ರತಿ ಜೋಡಿಗೂ "ಹಾಂ" ಅನ್ನಿ, ಹಾಂ ಅನ್ನುವ ತನಕ ಅವರೂ ಮುಂದೆ ಹೋಗುವುದಿಲ್ಲ. ಏನೂ ಆಗದಿದ್ದರೆ ಸಂಕೋಚ ಬಿಟ್ಟು "ಏಕೇಕ ಆಕಡಾ ಸಾಂಗಾ" ಅಂದುಬಿಡಿ, ಒಂದೊಂದೇ ಅಂಕೆ ಹೇಳಿ ಅಂತ. ಜರ್ಮನಿಯಲ್ಲಿ "ಬಿಟ್ಟೆ ಐನ್‌ತ್ಸೆಲ್ನ್" ಅಂದರೆ ಅದೇ ಅರ್ಥ. ಅವರು ಒಂದೊಂದೇ ಹೇಳುವಾಗ "ತ್ಸ್ವೋ" ಅಂತ ಬಂದರೆ ಗಾಬರಿಯಾಗಬೇಡಿ. ಎರಡಕ್ಕೆ "ತ್ಸ್ವೈ", ಮೂರಕ್ಕೆ "ಡ್ರೈ", ಫೋನಿನಲ್ಲಿ ಎರಡೂ ಒಂದೇ ಥರ ಕೇಳುತ್ತವೆ ಅಂತ ಎರಡನ್ನು ತ್ಸ್ವೋ ಅನ್ನುತ್ತಾರೆ.

ನಾಲ್ಕನೆಯದೇ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ವಾಪಸ್ ಓದಿ ಹೇಳುವಾಗ ಅವರು ಹೇಳಿದ ಹಾಗೆ ಹೇಳಬೇಡಿ. ಮಿರಜದಲ್ಲಿ ನಾನು "ಸತ್ಯಾಐಂಶಿ ನಾ?" ಅಂತ ಕೇಳಿದ್ದರೆ ಅವರು "ಹೋ" ಅನ್ನುತ್ತಿದ್ದರು, ಚೀಟಿಯಲ್ಲಿ 78 ಹಾಗೇ ಇರುತ್ತಿತ್ತು! ಗಿಳಿಯ ಥರ ಒಪ್ಪಿಸಿದರೆ ಕಿವಿಯ ಪರೀಕ್ಷೆ ಆಗುತ್ತದೆ, ಕೈಯದ್ದು ಆಗುವುದಿಲ್ಲ. ಬರೆದದ್ದನ್ನು ನೋಡಿಕೊಂಡು ಬಿಡಿಬಿಡಿಯಾಗಿ "ಆಠ, ಸಾತ" ಅಂತ ಓದಬೇಕು. ಆಗ ನಾನು "ಸಾತ, ಆಠ" ಅನ್ನುತ್ತಿದ್ದೆ, ಅವರು ಅಲ್ಲೇ ತಡೆಯುತ್ತಿದ್ದರು. ಹತ್ತು ಅಂಕೆ ಇದೆಯಾ ಅಂತ ಎಣಿಸಿ ಸಮಾಧಾನಪಟ್ಟುಕೊಳ್ಳುವುದೂ ಸಾಲದು. ಅದಲುಬದಲಾದರೂ ಹತ್ತು ಹತ್ತೇ ಇರುತ್ತದೆ.

ಇನ್ನು ರೇಟಿನ ವಿಷಯ. ನೂರು ದಾಟಿದರೆ ಎರಡೂ ಭಾಷೆಯಲ್ಲಿ ಕ್ರಮ ಇನ್ನೂ ವಿಚಿತ್ರ. ನೂರು ಮೊದಲು, ಆಮೇಲೆ ಬಿಡಿ, ಕೊನೆಗೆ ಹತ್ತು. ತೀನಶೇ ಚೋವೀಸ ಅಂದರೆ ಕಿವಿಗೆ ಬೀಳುವುದು 3, 4, 2. ಬರೆಯಬೇಕಾದ್ದು 324. ಹಾಗಾಗಿ ನೂರನ್ನು ಧೈರ್ಯವಾಗಿ ಬರೆದುಬಿಡಿ, ಮುಂದಿನ ಎರಡಕ್ಕೆ ಮಾತ್ರ ಕಾಯಿರಿ. ಸ್ಟುಟ್‌ಗಾರ್ಟ್‌ನ ಬ್ರೆಡ್ ಅಂಗಡಿಯಲ್ಲಿ ಮೂರು ಯೂರೋ ನಲವತ್ತೈದು ಸೆಂಟನ್ನು "ಡ್ರೈ ಫ್ಯುನ್ಫ್-ಉಂಡ್-ಫಿಯರ್‌ತ್ಸಿಗ್" ಅಂತ ಒಂದೇ ಉಸಿರಿಗೆ ಹೇಳುತ್ತಿದ್ದರು. ಮೊದಲ ತಿಂಗಳು ನಾನು ಪ್ರತಿ ಸಲ ಐದರ ನೋಟು ಕೊಟ್ಟು ಪಾರಾಗುತ್ತಿದ್ದೆ. ತಿಂಗಳ ಕೊನೆಗೆ ಜೇಬು ಹರಿಯುವಷ್ಟು ಚಿಲ್ಲರೆ :)

ದೀಡ, ಅಡೀಚ ನಮ್ಮ ಕಡೆ ಕನ್ನಡದಲ್ಲೂ ಓಡಾಡುತ್ತವೆ, ನಿಮಗೆ ಗೊತ್ತು. ದೀಡಶೇ ಅಂದರೆ 150, ಅಡೀಚಶೇ ಅಂದರೆ 250. ಜರ್ಮನ್ನಿನಲ್ಲಿ ಒಂದೂವರೆಗೆ "ಆಂಡರ್ಟ್‌ಹಾಲ್ಬ್" ಅನ್ನುತ್ತಾರೆ, ಅಂದರೆ "ಎರಡನೆಯದರಲ್ಲಿ ಅರ್ಧ". ದೀಡ ಬಂದ ಸಂಸ್ಕೃತದ ದ್ವ್ಯರ್ಧಕ್ಕೂ ಅದೇ ಅರ್ಥ! ಮೂರೂವರೆ ಗಂಟೆಗೆ ಅವರು "ಹಾಲ್ಬ್ ಫಿಯರ್", ಅರ್ಧ ನಾಲ್ಕು, ಅನ್ನುವುದೂ ಇದೇ ಜಾಡು. ನಾಲ್ಕನೆಯ ತಾಸಿನಲ್ಲಿ ಅರ್ಧ ಆಗಿದೆ ಅಂತ. ಇದು ಗೊತ್ತಿಲ್ಲದೆ ನಾನು ಒಂದು ಮೀಟಿಂಗಿಗೆ ಒಂದು ತಾಸು ತಡವಾಗಿ, ನಾಲ್ಕೂವರೆಗೆ ಹೋದೆ.

ರೇಟು ಬರೆದದ್ದು ತಪ್ಪಿದೆಯಾ ಅಂತ ಪತ್ತೆ ಹಚ್ಚುವ ಒಂದು ಉಪಾಯ ಮಾಮಾನದ್ದು. ಅವನು ನಿಪ್ಪಾಣಿಯ ಒಂದು ತಂಬಾಕಿನ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಒಬ್ಬರು ಮರಾಠಿಯಲ್ಲಿ ಕೂಗುವುದು, ಮಾಮಾ ಕೂತು ಬರೆಯುವುದು. ಒಂದು ಸಂಜೆ ಪುಸ್ತಕದ ಮೊತ್ತಕ್ಕೂ ಗಲ್ಲಾಪೆಟ್ಟಿಗೆಗೂ 18 ರೂಪಾಯಿ ವ್ಯತ್ಯಾಸ. ಮಾಮಾ ಮೊದಲಿಂದ ಕೂಡಿಸಲು ಹೋಗಲಿಲ್ಲ. ಹದಿನೆಂಟನ್ನು ಒಂಬತ್ತರಿಂದ ಭಾಗಿಸಿದ, ಎರಡು ಬಂತು. "ಕೊನೀ ಎರಡು ಅಂಕಿ ನಡುವ ಎರಡು ಫರಕ ಇರೂವು ಹುಡುಕು" ಅಂದ. ಪುಟದಲ್ಲಿ ಅಂಥವು ಮೂರೋ ನಾಲ್ಕೋ ಇದ್ದವು, ಅದರಲ್ಲಿ ಒಂದು 1,742. ಚೀಟಿ ತೆಗೆದು ನೋಡಿದರೆ 1,724, ಚೋವೀಸ. ನಾಲ್ಕು ಮೊದಲು ಕೇಳಿ ಮೊದಲು ಬರೆದುಬಿಟ್ಟಿದ್ದ.

ಇದರಲ್ಲಿ ಮಾಟ ಏನಿಲ್ಲ. ಎರಡಂಕಿಯ ಸಂಖ್ಯೆಯನ್ನು ತಿರುಗಿಸಿ ಬರೆದರೆ ಆಗುವ ವ್ಯತ್ಯಾಸ ಯಾವಾಗಲೂ ಆ ಎರಡು ಅಂಕೆಗಳ ಅಂತರದ ಒಂಬತ್ತು ಪಟ್ಟು. 42ರಿಂದ 24 ಕಳೆದರೆ 18. 87ರಿಂದ 78 ಕಳೆದರೆ 9. ಹಾಗಾಗಿ ಲೆಕ್ಕ ತಪ್ಪಿ, ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಮೊದಲ ಅನುಮಾನ ಅದಲುಬದಲಿನ ಮೇಲೆ ಇರಲಿ. ಅನುಮಾನ ಮಾತ್ರ, ಸಾಕ್ಷಿಯಲ್ಲ. ಒಂಬತ್ತು ರೂಪಾಯಿ ಕೊಡುವುದನ್ನೇ ಮರೆತರೂ ವ್ಯತ್ಯಾಸ ಒಂಬತ್ತೇ ತಾನೆ? ಇನ್ನು ಫೋನ್ ನಂಬರಿಗೆ ಈ ಉಪಾಯವೂ ಇಲ್ಲ. ಅದಕ್ಕೆ ಮೊತ್ತ ಇಲ್ಲ, ಗಲ್ಲಾಪೆಟ್ಟಿಗೆ ಇಲ್ಲ. ಅದಕ್ಕೇ ಬಿಡಿಯಾಗಿ ವಾಪಸ್ ಓದುವುದೊಂದೇ ದಾರಿ ಅನ್ನುವುದು.

ಈ ಕಷ್ಟ ನಮಗೊಬ್ಬರಿಗೇ ಅಲ್ಲ. ನಾರ್ವೆಯವರೂ ಮೊದಲು ಜರ್ಮನ್ನರ ಹಾಗೇ ಎಣಿಸುತ್ತಿದ್ದರು. ಅಲ್ಲಿ ಟೆಲಿಫೋನ್ ಇಲಾಖೆಯೇ ಮುಂದೆ ಬಂದು ಕೇಳಿಕೊಂಡದ್ದರಿಂದ 1951ರಲ್ಲಿ ಹತ್ತುಗಳನ್ನು ಮೊದಲು ಹೇಳುವುದೇ ಅಧಿಕೃತ ಕ್ರಮ ಅಂತ ಮಾಡಿದರು. ಆಮೇಲೂ ಹಳೇ ಕ್ರಮ ಮನೆಮಾತಿನಲ್ಲಿ ಉಳಿದುಕೊಂಡಿತು. ಜರ್ಮನಿಯ ಬೋಖುಮ್‌ನಲ್ಲಿ 2004ರಲ್ಲಿ, ನಾನು ಮಿರಜದಲ್ಲಿ ತಪ್ಪು ಬರೆದ ಅದೇ ವರ್ಷ, ಲೋಥರ್ ಗೆರಿಟ್ಸೆನ್ ಅನ್ನುವ ಗಣಿತದ ಪ್ರೊಫೆಸರು "ತ್ಸ್ವಾನ್‌ತ್ಸಿಗ್‌ಐನ್ಸ್", ಅಂದರೆ ಇಪ್ಪತ್ತೊಂದು, ಅನ್ನುವ ಹೆಸರಿನ ಸಂಘ ಕಟ್ಟಿದರು. ಹಳೇದರ ಜೊತೆಗೆ ಬರೆಯುವ ಕ್ರಮದಲ್ಲೇ ಹೇಳುವುದನ್ನೂ ಶಾಲೆಯಲ್ಲಿ ಕಲಿಸಿ ಅಂತ. ಜನ ಮಾತ್ರ ಐನ್-ಉಂಡ್-ತ್ಸ್ವಾನ್‌ತ್ಸಿಗ್ ಬಿಟ್ಟಿಲ್ಲ.

2019ರಲ್ಲಿ ಮಹಾರಾಷ್ಟ್ರದಲ್ಲೂ ಇದು ಬಂತು. ಎರಡನೇ ತರಗತಿಯ ಗಣಿತ ಪುಸ್ತಕದಲ್ಲಿ ಬಾವೀಸ ಜೊತೆಗೆ "ವೀಸ ದೋನ" ಅಂತ ಹೇಳುವ ಕ್ರಮವನ್ನೂ ತಂದರು. ಗಣಿತದ ಸಮಿತಿಗೆ ಮಂಗಲಾ ನಾರಳೀಕರ ಅಧ್ಯಕ್ಷರಾಗಿದ್ದರು. ಸಣ್ಣ ಮಕ್ಕಳಿಗೆ ಜೋಡಿ ಅಂಕೆಗಳು ಕಷ್ಟ ಅನ್ನುವುದು ಅವರ ವಾದ. ದೊಡ್ಡ ಗದ್ದಲವಾಯಿತು, ವಿಧಾನಸಭೆಯ ತನಕ ಹೋಯಿತು. ಅತ್ತಿಯ ಮೊಮ್ಮಗಳು ಆಗ ಇಚಲಕರಂಜಿಯಲ್ಲಿ ಎರಡನೇ ತರಗತಿ. ರಜೆಗೆ ಬಂದವಳು "ವೀಸ ದೋನ, ವೀಸ ತೀನ" ಅಂತ ಓದುತ್ತಿದ್ದಳು. ಅತ್ತಿಗೆ ಸಿಟ್ಟು ಬಂದಿರಬೇಕು ಅಂದುಕೊಂಡೆ. ಅವಳು ಸ್ವಲ್ಪ ಹೊತ್ತು ಕೇಳಿ, "ಇದು ನಿಮ್ಮ ಕನ್ನಡದ ಲೆಕ್ಕಾ ಆತಲ್ಲೋ!" ಅಂತ ನಕ್ಕಳು. ಆಮೇಲೆ ಮೊಮ್ಮಗಳನ್ನು ಹತ್ತಿರ ಕೂರಿಸಿಕೊಂಡು, "ಸಾಲ್ಯಾಗ ಹಂಗ ಅನ್ನು. ಆದ್ರ ಪ್ಯಾಟ್ಯಾಗ ಬಾವೀಸನ ಅಂತಾರ, ಅದನ್ನೂ ಕಲಿ" ಅಂದಳು.

ಅಭ್ಯಾಸಕ್ಕೆ ಅತ್ತಿ ಕಂಡುಹಿಡಿದ ಆಟ ಒಂದಿದೆ. ನಿಪ್ಪಾಣಿ ಹೆದ್ದಾರಿಯ ಪಕ್ಕ ಚಹಾ ಅಂಗಡಿಯಲ್ಲಿ ಕೂತರೆ ಚಿಕ್ಕೋಡಿಯ ಕೆಎ 23, ಕೊಲ್ಲಾಪುರದ ಎಂಎಚ್ 09 ಗಾಡಿಗಳು ಹೋಗುತ್ತಲೇ ಇರುತ್ತವೆ. ಗಾಡಿಯ ಕೊನೆಯ ನಾಲ್ಕು ಅಂಕೆಯನ್ನು ಒಬ್ಬರು ಎರಡು ಜೋಡಿ ಮಾಡಿ ಮರಾಠಿಯಲ್ಲಿ ಕೂಗಬೇಕು. ಇನ್ನೊಬ್ಬರು ರಸ್ತೆಗೆ ಬೆನ್ನು ಮಾಡಿ ಕೂತು ಬರೆಯಬೇಕು. ಇಪ್ಪತ್ತು ಗಾಡಿಗೆ ಎಷ್ಟು ತಪ್ಪು ಅಂತ ಎಣಿಸುವುದು. ಮೊದಲ ದಿನ ನನ್ನದು ಏಳು ತಪ್ಪು, ಅದರಲ್ಲಿ ಐದು ಅದಲುಬದಲು, ಎರಡು ಏಕೋಣದವು. ಹದಿನೈದು ದಿನದ ರಜೆ ಮುಗಿಯುವಷ್ಟರಲ್ಲಿ ಒಂದಕ್ಕೆ ಇಳಿದಿತ್ತು. ಸ್ಟುಟ್‌ಗಾರ್ಟ್‌ಗೆ ವಾಪಸ್ ಹೋದ ಮೇಲೆ ಟ್ರಾಮಿನ ಕಿಟಕಿಯಿಂದ ಅದೇ ಆಟ ಜರ್ಮನ್ನಿನಲ್ಲಿ ಒಬ್ಬನೇ ಆಡುತ್ತಿದ್ದೆ. ಪಕ್ಕದವರು ಒಂಥರಾ ನೋಡುತ್ತಿದ್ದರು, ಇರಲಿ.

ಅತ್ತಿಗೆ ಈಗ ವಯಸ್ಸಾಗಿದೆ. ಮೊನ್ನೆ ಫೋನಿನಲ್ಲಿ ಹೊಸ ಡಾಕ್ಟರ ನಂಬರು ಹೇಳುತ್ತಿದ್ದಳು, ಮರಾಠಿಯಲ್ಲೇ, ಜೋಡಿ ಜೋಡಿಯಾಗಿ. ಬರೆದುಕೊಂಡು, ಒಂದೊಂದೇ ಅಂಕೆಯಾಗಿ ಹತ್ತೂ ವಾಪಸ್ ಓದಿದೆ. "ಬರೋಬರಿ" ಅಂದಳು. ಒಂದು ಕ್ಷಣ ಬಿಟ್ಟು, "ಆವತ್ತ ಮಿರಜಿನ್ಯಾಗ ಹಿಂಗ ಓದಿದ್ದಿ ಅಂದ್ರ..." ಅಂತ ಶುರು ಮಾಡಿ, ತಾನೇ ನಿಲ್ಲಿಸಿದಳು.

ಬೀದರಿನವರಿಗೆ ಉರ್ದುವಿನ ಇಕ್ಕೀಸ ಬಾಯೀಸ ಇದೆ, ಕಾರವಾರದವರಿಗೆ ಕೊಂಕಣಿ ಇದೆ. ನಿಮ್ಮ ಕಡೆ ನೀವು ಹೇಗೆ ಸಂಭಾಳಿಸುತ್ತೀರಿ? ಬಾಲ ಹಿಡಿಯುತ್ತೀರಾ, ಇನ್ನೇನಾದರೂ ಹೊಸ ಉಪಾಯ ಇದೆಯಾ? ಇದ್ದರೆ ಬರೆಯಿರಿ, ಅತ್ತಿಗೆ ಓದಿ ಹೇಳುತ್ತೇನೆ.